ಒಂದು ಕನ್ನಡ ಕಿರುಚಿತ್ರ, ಎರಡು ವಿಯೆಟ್ನಾಮಿ: ಹನೋಯ್ ಮಾತು ಮತ್ತು ಸೈಗಾನ್ ಮಾತು

ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಲ್ಲಿ ನಡೆಯುವ ಹದಿನೆಂಟು ನಿಮಿಷದ ಕನ್ನಡ ಕಿರುಚಿತ್ರ. ಮೂರು ವರ್ಷದಿಂದ ಮುಖ ತೋರಿಸದ ಸೋದರಮಾವ ಒಂದು ದಿನ ಹೇಳದೆ ಕೇಳದೆ ಬಂದು ನಿಲ್ಲುತ್ತಾನೆ, ಜಮೀನಿನ ವಿಷಯದಲ್ಲಿ ಅವನಿಗೂ ದೊಡ್ಡಪ್ಪನಿಗೂ ಮಾತು ಬೆಳೆಯುತ್ತದೆ. ಕತೆ ಇಷ್ಟೇ. ಗೆಳೆಯರು ಮಾಡಿದ ಈ ಚಿತ್ರವನ್ನು ವಿಯೆಟ್ನಾಮಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಉತ್ತರದ ಹನೋಯ್‌ನಲ್ಲಿ ಎರಡು ವರ್ಷ ಇದ್ದು ಭಾಷೆ ಕಲಿತವರು ನಾವು. ಆಮೇಲೆ ದಕ್ಷಿಣದ ಸೈಗಾನ್‌ಗೆ ಬಂದು, ಕಲಿತದ್ದರಲ್ಲಿ ಅರ್ಧ ಮರೆತು ಮತ್ತೆ ಕಲಿಯಬೇಕಾಯಿತು. ಹಾಗಾಗಿ ಯಾವುದೋ ಒಂದನ್ನು ಆರಿಸಿ ಮುಗಿಸಲು ಮನಸ್ಸಾಗಲಿಲ್ಲ. ಹನೋಯ್‌ನ ಒಬ್ಬ ಅನುವಾದಕಿ, ಮೆಕಾಂಗ್ ತೀರದ ಕ್ಯಾನ್ ಥೋದಲ್ಲಿ ಹುಟ್ಟಿದ ಒಬ್ಬ ಕಂಠದಾನ ಕಲಾವಿದೆ, ಇಬ್ಬರನ್ನೂ ಕೂರಿಸಿಕೊಂಡು ಉತ್ತರದ ಸಬ್‌ಟೈಟಲ್, ದಕ್ಷಿಣದ ಸಬ್‌ಟೈಟಲ್, ಉತ್ತರದ ಡಬ್ಬಿಂಗ್, ದಕ್ಷಿಣದ ಡಬ್ಬಿಂಗ್ ಹೀಗೆ ನಾಲ್ಕನ್ನೂ ಮಾಡಿ ನೋಡಿದೆ.

ಮೊದಲು ಒಂದು ಮಾತು. ಹನೋಯ್‌ಗೂ ಸೈಗಾನ್‌ಗೂ ರೈಲುದಾರಿ 1,726 ಕಿಲೋಮೀಟರ್. ಇಷ್ಟು ದೂರವಿದ್ದರೂ ಬರವಣಿಗೆ ಒಂದೇ, ಗುರುತುಗಳನ್ನು ಸೇರಿಸಿದ ರೋಮನ್ ಅಕ್ಷರ. ಉತ್ತರದವರು ಹೇಗೆ ಉಚ್ಚರಿಸಿದರೂ, ದಕ್ಷಿಣದವರು ಹೇಗೆ ಉಚ್ಚರಿಸಿದರೂ ಕಾಗುಣಿತ ಬದಲಾಗುವುದಿಲ್ಲ. ಅಂದರೆ ಸಬ್‌ಟೈಟಲ್‌ನಲ್ಲಿ ಉಚ್ಚಾರದ ಜಗಳವೇ ಇಲ್ಲ, ಪದಗಳದ್ದು ಮಾತ್ರ. ಡಬ್ಬಿಂಗ್‌ನಲ್ಲಿ ಎರಡೂ ಇವೆ. ಸಬ್‌ಟೈಟಲ್ ಸುಲಭ ಎಂದು ಇದರಿಂದಲೇ ನಾನು ಅಂದಾಜು ಮಾಡಿದ್ದೆ. ಆ ಅಂದಾಜು ತಪ್ಪಿತು. ಕಿವಿ ಬಿಡಿಸಿಕೊಡುವ ಗಂಟನ್ನು ಕೆಲವು ಕಡೆ ಬರವಣಿಗೆ ಇನ್ನಷ್ಟು ಬಿಗಿ ಮಾಡುತ್ತದೆ.

ಚಿತ್ರದಲ್ಲಿ ಅಜ್ಜಿ "ತಟ್ಟೆ ತಗೊಂಬಾ" ಅನ್ನುತ್ತಾಳೆ. ತಟ್ಟೆಗೆ ಉತ್ತರದಲ್ಲಿ 'ದೀಯ' ಅನ್ನುತ್ತಾರೆ. ಅಲ್ಲಿನ ಮೊದಲಕ್ಷರ ಅಡ್ಡಗೆರೆ ಇರುವ ಡಿ, ನಮ್ಮ 'ದ'ಕಾರದಂತೆಯೇ ಕೇಳುತ್ತದೆ. ದಕ್ಷಿಣದವರು ಅದನ್ನೇ ಅಡ್ಡಗೆರೆ ಇಲ್ಲದ ಡಿ ಹಾಕಿ ಬರೆದು 'ಯೀಯ' ಎಂದು ಓದುತ್ತಾರೆ. ತೊಡಕೇನೆಂದರೆ, ಅಡ್ಡಗೆರೆ ಇಲ್ಲದ ಅದೇ ಪದ ಉತ್ತರದಲ್ಲೂ ಉಂಟು. ಅಲ್ಲಿ ಅದು 'ಜ಼ೀಯ', ಅರ್ಥ ಮುಳ್ಳುಚಮಚ. ಬಾಯಲ್ಲಿ ಆಡಿದರೆ ಯಾರಿಗೂ ಗೊಂದಲವಿಲ್ಲ, 'ಯೀಯ' ಕೇಳಿದೊಡನೆ ದಕ್ಷಿಣದವರು ತಟ್ಟೆ ಕೇಳುತ್ತಿದ್ದಾರೆಂದು ತಿಳಿಯುತ್ತದೆ. ಪರದೆಯ ಮೇಲೆ ಅಕ್ಷರವಾಗಿ ಬಂದಾಗ ಮಾತ್ರ ನಮ್ಮ ಹನೋಯ್ ಅನುವಾದಕಿ ತಡೆದು, "ಈ ಅಜ್ಜಿ ಬಾಳೆಎಲೆ ಊಟಕ್ಕೆ ಮುಳ್ಳುಚಮಚ ಯಾಕೆ ಕೇಳ್ತಾರೆ?" ಅಂದರು.

ಇದಕ್ಕಿಂತ ದೊಡ್ಡ ಎಡವಟ್ಟು ಸರ್ವನಾಮದಲ್ಲಿ ಬಂತು. 'ಅವನು' ಅನ್ನಲು ಉತ್ತರದಲ್ಲಿ 'ಆಞ್ ಅಯ್', ಎರಡು ಪದ. ದಕ್ಷಿಣದವರು ಎರಡನೆಯದನ್ನು ಬಿಟ್ಟು, ಮೊದಲನೆಯದರ ಸ್ವರ, ಅಂದರೆ ದನಿಯ ಏರಿಳಿತ, ತಿರುಗಿಸಿ ಒಂದೇ ಪದದಲ್ಲಿ ಮುಗಿಸುತ್ತಾರೆ. ಆ ಸ್ವರದ ಹೆಸರು 'ಹೋಯ್', ಬರೆಯುವಾಗ ತಲೆಯ ಮೇಲೆ ಪ್ರಶ್ನಾರ್ಥಕದ ಕೊಕ್ಕೆಯಂಥ ಗುರುತು ಬರುತ್ತದೆ. ಅಜ್ಜ, ಅಜ್ಜಿ, ಅಕ್ಕ ಎಲ್ಲರಿಗೂ ಇದೇ ಉಪಾಯ. ಸಬ್‌ಟೈಟಲ್ ಮಾಡುವವರಿಗೆ ಇದು ವರ. ಒಂದು ಸಾಲಿಗೆ 42 ಅಕ್ಷರ, ಒಮ್ಮೆಗೆ ಎರಡೇ ಸಾಲು ಎಂದು ನಾವು ಇಟ್ಟುಕೊಂಡಿದ್ದ ಮಿತಿಯಲ್ಲಿ ಪ್ರತಿ 'ಅವನು', 'ಅವಳು' ಒಂದೊಂದು ಪದ ಉಳಿಸಿಕೊಟ್ಟವು. ಆದರೆ ಕೊಕ್ಕೆ ಹಾಕಿದ ಆ 'ಆಞ್' ಉತ್ತರದವರ ಕಣ್ಣಿಗೆ ಮೊದಲು ಕಾಣುವುದು 'ಫೋಟೋ' ಆಗಿ. "ಅವನೆಲ್ಲಿ ಹೋದ?" ಎಂಬ ನಮ್ಮ ಸಾಲು "ಫೋಟೋ ಎಲ್ಲಿ ಹೋಯ್ತು?" ಎಂದೂ ಓದಿಸಿಕೊಂಡಿತು. ಆ ದೃಶ್ಯದ ಗೋಡೆಯ ಮೇಲೆ ನಿಜಕ್ಕೂ ಒಂದು ಫೋಟೋ ತೂಗುಹಾಕಿದೆ! ನೋಡಿದ ಹನೋಯ್ ಗೆಳೆಯರಿಬ್ಬರು ಮುಂದಿನ ಎರಡು ಸಾಲು ಆ ಫೋಟೋಕ್ಕಾಗಿ ಕಾದರು. ದಕ್ಷಿಣದವರು ಫೋಟೋಗೆ 'ಹಿಞ್' ಅನ್ನುವುದೇ ಹೆಚ್ಚು, ಅದಕ್ಕೆ ಅವರಿಗೆ ಈ ತೊಡಕು ಹೊಳೆಯಲೇ ಇಲ್ಲ.

ಇನ್ನು 'ಓಮ್'. ಅಜ್ಜಿ ಮೊಮ್ಮಗನ ಗಲ್ಲ ಸವರಿ "ಎಷ್ಟು ಸೊರಗಿದ್ದೀಯೋ" ಅನ್ನುತ್ತಾಳೆ. ದಕ್ಷಿಣದಲ್ಲಿ 'ಓಮ್' ಅಂದರೆ ತೆಳ್ಳಗಾಗಿರುವುದು. ಉತ್ತರದಲ್ಲಿ ಅದೇ ಪದಕ್ಕೆ ಕಾಯಿಲೆ ಬಿದ್ದಿರುವುದು ಎಂಬ ಅರ್ಥ, ತೆಳ್ಳಗಾದದ್ದಕ್ಕೆ ಅವರದ್ದು 'ಗಯ್'. ಇದರಲ್ಲಿ ನಾನೇ ಹಿಂದೊಮ್ಮೆ ಸಿಕ್ಕಿಬಿದ್ದಿದ್ದೆ. ಹನೋಯ್ ಕಲಿಕೆಯ ಗುಂಗಿನಲ್ಲಿ ಒಂದು ದಕ್ಷಿಣದ ಸಾಕ್ಷ್ಯಚಿತ್ರದ ಸಾಲನ್ನು "ನನ್ನ ಮಗನಿಗೆ ಹುಷಾರಿಲ್ಲ" ಎಂದು ಕನ್ನಡಕ್ಕೆ ತಂದಿದ್ದೆ. ಆ ತಾಯಿ ಹೇಳಿದ್ದು ಹುಡುಗ ಬಡಕಲಾಗಿದ್ದಾನೆ ಎಂದಷ್ಟೇ. ಅಪಾಯ ಇರುವುದು ಇಂಥಲ್ಲಿ. ಹಂದಿ, ಜೋಳ, ಕಡಲೆಕಾಯಿಗೆ ಎರಡು ಕಡೆ ಎರಡು ಹೆಸರಿದ್ದರೂ ಯಾರೂ ಮೋಸ ಹೋಗುವುದಿಲ್ಲ, ಎರಡನ್ನೂ ಎಲ್ಲರೂ ಕೇಳಿರುತ್ತಾರೆ. ಒಂದೇ ಪದ ಎರಡು ಕಡೆ ಎರಡು ಅರ್ಥ ಹೊತ್ತು, ಎರಡೂ ಅರ್ಥ ಅದೇ ಸಾಲಿಗೆ ಒಗ್ಗಿಬಿಟ್ಟರೆ ತಪ್ಪು ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ. ಈಗ ನಾನು ಕರಡು ತಿದ್ದುವಾಗ ಪರಿಚಯವಿಲ್ಲದ ಪದಗಳನ್ನು ಹುಡುಕುವುದಿಲ್ಲ, ಇಂಥ ಜೋಡಿ ಅರ್ಥದವನ್ನು ಮಾತ್ರ ಹುಡುಕುತ್ತೇನೆ.

ಸಂಬಂಧಸೂಚಕಗಳಿಗೆ ಬಂದಾಗ ತಕ್ಕಡಿ ಪೂರ್ತಿ ದಕ್ಷಿಣಕ್ಕೆ ವಾಲಿತು. ದಕ್ಷಿಣದಲ್ಲಿ ತಾಯಿಯ ಅಣ್ಣನಾಗಲಿ ತಮ್ಮನಾಗಲಿ 'ಕವ್', ನಮ್ಮ ಸೋದರಮಾವನ ಹಾಗೆಯೇ. ತಂದೆಯ ಅಣ್ಣ 'ಬಾಕ್', ತಮ್ಮ 'ಚೂ', ಅಂದರೆ ದೊಡ್ಡಪ್ಪ, ಚಿಕ್ಕಪ್ಪ. ಉತ್ತರದಲ್ಲಿ ತಾಯಿಯ ತಮ್ಮ ಮಾತ್ರ 'ಕವ್'. ತಂದೆಯ ಕಡೆಯವರಿರಲಿ, ತಾಯಿಯ ಕಡೆಯವರಿರಲಿ, ಅಪ್ಪ ಅಮ್ಮನಿಗಿಂತ ಹಿರಿಯರೆಲ್ಲ 'ಬಾಕ್'. ನಮ್ಮ ಚಿತ್ರದ ಮಾವ ತಾಯಿಗಿಂತ ದೊಡ್ಡವನು. ಹಾಗಾಗಿ ಉತ್ತರದ ಅನುವಾದದಲ್ಲಿ ಮಾವನೂ 'ಬಾಕ್', ಅವನೊಡನೆ ಜಗಳಕ್ಕೆ ನಿಂತ ದೊಡ್ಡಪ್ಪನೂ 'ಬಾಕ್'. ಯಾರ ಪಕ್ಷ ಯಾರು ಎಂಬುದೇ ಕತೆಯ ಜೀವ, ಅದೇ ಮಸುಕಾಯಿತು. ಪ್ರತಿ ಸಲ ಹೆಸರು ಸೇರಿಸಿ ಬರೆದೆವು. ಅರ್ಥವೇನೋ ಸ್ಪಷ್ಟವಾಯಿತು, ಆದರೆ ಸಾಲುಗಳು ಉದ್ದವಾದವು. ತಾಯಿ ತನ್ನ ಅಣ್ಣನನ್ನು ಕುರಿತು ಮಕ್ಕಳ ಮುಂದೆ "ನಿಮ್ಮ ಮಾವ" ಅನ್ನುವಾಗ ಇರುವ ತವರಿನ ಬಿಸುಪು ಮಾತ್ರ ಉಳಿಯಲಿಲ್ಲ.

ದಕ್ಷಿಣದ್ದರಲ್ಲೂ ಒಂದು ಕೊಕ್ಕೆ ಇದೆ. ಅಲ್ಲಿ ಮನೆಯ ಮೊದಲ ಮಗುವನ್ನು 'ಹಾಯ್' ಅನ್ನುತ್ತಾರೆ, ಅಂದರೆ ಎರಡು. ಎರಡನೆಯ ಮಗು 'ಬಾ', ಮೂರು. ಎಣಿಕೆಯೇ ಎರಡರಿಂದ ಶುರು. ನಮ್ಮ ದೊಡ್ಡಣ್ಣ 'ಆಞ್ ಹಾಯ್' ಆದ. ಉತ್ತರದಲ್ಲಿ ದೊಡ್ಡಣ್ಣ 'ಆಞ್ ಕಾ', ಅಲ್ಲಿ ಎರಡು ಅಂದರೆ ಎರಡೇ. ವಿಯೆಟ್ನಾಮಿಯಿಂದ ಕನ್ನಡಕ್ಕೆ ತರುವವರು 'ಆಞ್ ಹಾಯ್'ಯನ್ನು 'ಎರಡನೇ ಅಣ್ಣ' ಎಂದು ಬರೆದರೆ ಮನೆಗೆ ಇಲ್ಲದ ಒಬ್ಬ ಅಣ್ಣನನ್ನು ಹುಟ್ಟಿಸಿದ ಹಾಗೆ. ಮಾತನಾಡುವವರು ಎಲ್ಲಿಯವರು ಎಂದು ತಿಳಿಯದೆ ಈ ಪದ ಮುಟ್ಟಬಾರದು.

ಉಚ್ಚಾರದ ಕಡೆ ಹೋಗೋಣ. ವರ್ಣಮಾಲೆಯಲ್ಲಿ ಕಲಿತು ಮರೆತುಬಿಡುವ ಙ, ಞ ಎರಡೂ ಇಲ್ಲಿ ದಿನವಿಡೀ ಕೆಲಸಕ್ಕೆ ಬರುತ್ತವೆ, ನಮಗದು ಒಳ್ಳೆಯದೇ. ಹನೋಯ್‌ನಲ್ಲಿ ಆರು ಸ್ವರ. ದಕ್ಷಿಣದಲ್ಲಿ 'ಹೋಯ್' ಮತ್ತು 'ಙಾ' ಎಂಬೆರಡು ಕೂಡಿಕೊಂಡು ಐದಾಗುತ್ತವೆ, ಹಾಗಾಗಿ 'ಹಾಲು' ಮತ್ತು 'ರಿಪೇರಿ ಮಾಡು' ಕಿವಿಗೆ ಒಂದೇ. ಪದದ ಕೊನೆಯ ನಕಾರ ಹಲವು ಕಡೆ 'ಙ್' ಆಗುತ್ತದೆ, ತಕಾರ ಕಕಾರವಾಗುತ್ತದೆ, 'ಮುಖ' ಮತ್ತು 'ತೊಡು' ಎರಡೂ 'ಮಾಕ್'. ಉತ್ತರದವರೂ ಕೆಲವನ್ನು ಕೂಡಿಸಿಬಿಡುತ್ತಾರೆ. ಅಡ್ಡಗೆರೆ ಇಲ್ಲದ ಡಿ, ಜಿಐ, ಆರ್ ಮೂರೂ ಅವರಿಗೆ 'ಜ಼'. 'ಮಧ್ಯಾಹ್ನ' ಮತ್ತು 'ಇನ್ನೂ ಇಲ್ಲ' ಎರಡೂ 'ಚುವ' ಎಂದೇ ಕೇಳುತ್ತವೆ. ದಕ್ಷಿಣದಲ್ಲಿ ಮಧ್ಯಾಹ್ನಕ್ಕೆ ನಾಲಿಗೆ ಮಡಿಸುತ್ತಾರೆ.

ಕೇಳಿಸಿಕೊಂಡು ಟೈಪ್ ಮಾಡಿದ ಕಡತ ನೋಡಿದರೆ, ಮಾಡಿದವರ ಊರು ಅದರ ತಪ್ಪುಗಳಲ್ಲೇ ಕಾಣುವುದು ಇದರಿಂದಾಗಿ. 'ಹೋಯ್'ನ ಕೊಕ್ಕೆ ಗುರುತಿಗೂ 'ಙಾ'ದ ಅಲೆ ಗುರುತಿಗೂ ಅದಲುಬದಲಾಗಿದ್ದರೆ, ಕೊನೆಯ ನಕಾರ ತಪ್ಪಿದ್ದರೆ ದಕ್ಷಿಣದವರು. ಟಿಆರ್ ಇರಬೇಕಾದಲ್ಲಿ ಸಿಎಚ್, ಎಸ್ ಇರಬೇಕಾದಲ್ಲಿ ಎಕ್ಸ್ ಬಂದಿದ್ದರೆ ಉತ್ತರದವರು. ಕಡತವನ್ನು ಎದುರು ಕಡೆಯವರಿಂದ ತಿದ್ದಿಸುವುದು ಆಮೇಲೆ ನನಗೆ ರೂಢಿಯಾಯಿತು. ಒಬ್ಬರ ಕಿವಿಗೆ ಕೇಳದ ವ್ಯತ್ಯಾಸ ಇನ್ನೊಬ್ಬರ ನಾಲಿಗೆಯ ಮೇಲೇ ಇರುತ್ತದೆ.

ಡಬ್ಬಿಂಗ್‌ನಲ್ಲಿ ಖರ್ಚು ಉಳಿಸಲು ಮೊದಲು ಎರಡಕ್ಕೂ ಒಂದೇ ಸಂಭಾಷಣೆ ಬಳಸಿದೆವು. ಹನೋಯ್ ಅನುವಾದವನ್ನೇ ಕ್ಯಾನ್ ಥೋ ಕಲಾವಿದೆಯ ಕೈಗಿಟ್ಟೆವು. ಮೊದಲ ಪುಟದಲ್ಲೇ ಸೋಲು. ವಾಕ್ಯದ ಕೊನೆಗೆ ಉತ್ತರದವರು ಹಾಕುವ 'ನ್ಯೆ'ಯನ್ನು ದಕ್ಷಿಣದ ಕಂಠದಲ್ಲಿ ಕೇಳಿದಾಗ ಹಳ್ಳಿಯ ಅಜ್ಜಿ ವಾರ್ತೆ ಓದಿದಂತಿತ್ತು. ಅಲ್ಲಿ 'ನ್ಯಾ' ಬೇಕು. ಅಮ್ಮನಿಗೆ 'ಮೆ' ಹೋಗಿ 'ಮಾ' ಬರಬೇಕು, ಅಪ್ಪನಿಗೆ 'ಬೋ' ಹೋಗಿ 'ಬಾ'. ಅಂಕಿಗಳೂ ಬಿಡಲಿಲ್ಲ. ಸಂಭಾಷಣೆಯಲ್ಲಿ 5,000 ಎಂದು ಅಂಕಿಯಲ್ಲಿತ್ತು, ಸಬ್‌ಟೈಟಲ್‌ಗೆ ಅದು ಸಾಕು. ಓದುವಾಗ ಉತ್ತರದವರಿಗೆ ಸಾವಿರ 'ಙಿನ್', ದಕ್ಷಿಣದವರಿಗೆ 'ಙಾನ್'. ಕಂಠದಾನದ ಪ್ರತಿಯಲ್ಲಿ ಈಗ ಅಂಕಿ ಬರೆಯುವುದೇ ಇಲ್ಲ, ಪದದಲ್ಲೇ ಬರೆಯುತ್ತೇವೆ.

ಆಮೇಲೆ ಕಲಾವಿದೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. "ವಕಾರವನ್ನು ವ ಅಂತಲೇ ಅನ್ನಲಾ, ಯ ಅನ್ನಲಾ?" ದಕ್ಷಿಣದಲ್ಲಿ ದಿನದ ಮಾತಿನಲ್ಲಿ 'ವೇ' (ಮರಳಿ ಬಾ) 'ಯೇ' ಆಗುತ್ತದೆ, ಓದುವಾಗ ಅದೇ ಜನ 'ವ' ಅನ್ನುತ್ತಾರೆ. ಅಜ್ಜಿಗೂ ತೋಟದ ಆಳಿಗೂ 'ಯ', ಪೇಟೆಯಿಂದ ಬಂದ ವಕೀಲನಿಗೆ 'ವ' ಎಂದು ಹಂಚಿದೆವು. ಕನ್ನಡದಲ್ಲಿ ವಕೀಲನ ಪುಸ್ತಕದ ಮಾತಿಗೂ ಅಜ್ಜಿಯ ಮಲೆನಾಡ ಮಾತಿಗೂ ಇದ್ದ ಅಂತರ ನಾಲ್ಕು ಪ್ರತಿಗಳಲ್ಲಿ ಇದೊಂದರಲ್ಲೇ ಉಳಿಯಿತು. ನನ್ನ ಆಯ್ಕೆ ದಕ್ಷಿಣದ ಡಬ್ಬಿಂಗ್ ಆದದ್ದು ಮುಖ್ಯವಾಗಿ ಇದಕ್ಕೇ.

ಸಬ್‌ಟೈಟಲ್‌ಗೆ ಮಾತ್ರ ಉತ್ತರದ ಪದಗಳನ್ನೇ ಇಟ್ಟುಕೊಂಡೆ. ಶಾಲೆ, ಪತ್ರಿಕೆಗಳಿಂದ ದಕ್ಷಿಣದವರ ಕಣ್ಣಿಗೆ ಅವು ಪಳಗಿವೆ, ಅವರ ಪದಗಳು ಎದುರು ಕಡೆಯ ಓದಿಗೆ ಅಷ್ಟು ಪಳಗಿಲ್ಲ. ಆದರೆ ಮಾವನನ್ನು ಅಲ್ಲೂ 'ಕವ್' ಎಂದೇ ಬಿಟ್ಟೆ. ಹನೋಯ್ ಅನುವಾದಕಿ ಎರಡು ದಿನ ಒಪ್ಪಲಿಲ್ಲ, ವಯಸ್ಸು ತಪ್ಪಾಗುತ್ತದೆ ಎಂಬುದು ಅವರ ವಾದ, ನ್ಯಾಯವೂ ಹೌದು. ಜಗಳದ ದೃಶ್ಯವನ್ನು ಎರಡೂ ರೀತಿ ತೋರಿಸಿದ ಮೇಲೆ ಒಪ್ಪಿದರು.

ಡಬ್ಬಿಂಗ್‌ನಲ್ಲಿ ತೊಡಕು ಉಳಿದದ್ದು ಒಂದೇ ಕಡೆ. ಬಾಗಿಲು ತೆರೆದ ಸೋದರಸೊಸೆ "ಮಾವಾ!" ಅನ್ನುತ್ತಾಳೆ, ಕ್ಯಾಮೆರಾ ಮುಖದ ಹತ್ತಿರವಿದೆ, ಮಕಾರಕ್ಕೆ ತುಟಿ ಸೇರುವುದು ಎದ್ದು ಕಾಣುತ್ತದೆ. ಉತ್ತರದ 'ಬಾಕ್' ಇಲ್ಲಿ ಸಲೀಸಾಗಿ ಕೂತಿತು, ಬಕಾರಕ್ಕೂ ತುಟಿ ಸೇರುತ್ತದಲ್ಲ. 'ಕವ್'ಗೆ ತುಟಿ ಸೇರುವುದಿಲ್ಲ. ಏಳೆಂಟು ಸಲ ಮಾಡಿದರೂ ಪಾತ್ರ ಒಂದು ಅಂದಂತೆ, ದನಿ ಇನ್ನೊಂದು ಅಂದಂತೆ ಆಯಿತು. ಕೊನೆಗೆ ಕಲಾವಿದೆ ಹಾಳೆ ಪಕ್ಕಕ್ಕಿಟ್ಟು, ಅವರ ಊರಲ್ಲಿ ಬೆರಗಾದಾಗ ಹೆಂಗಸರು ಅನ್ನುವ ಹಾಗೆ "ಮೆನ್ ಓಯ್, ಕವ್!" ಅಂದುಬಿಟ್ಟರು. ಮಕಾರ ತುಟಿಯ ಮೇಲೆ ಬಿತ್ತು, 'ಕವ್' ಬರುವ ಹೊತ್ತಿಗೆ ಕ್ಯಾಮೆರಾ ಮಾವನ ಕಡೆ ತಿರುಗಿತ್ತು.