ಹಾಸನದ ಬೇಸಿಗೆಗೆ ಯಾವ ಎಸಿ: ಇನ್ವರ್ಟರ್‌ದೋ, ಹಳೇ ಫಿಕ್ಸೆಡ್ ಸ್ಪೀಡ್‌ದೋ?

ನಮ್ಮ ಮನೆ ಮಹಡಿಯಲ್ಲಿ ಅಕ್ಕಪಕ್ಕ ಎರಡು ರೂಮುಗಳಿವೆ. ಅಳತೆ ಒಂದೇ, ಎರಡರ ಮೇಲೂ ಬಿಸಿಲಿಗೆ ಕಾದ ಆರ್‌ಸಿಸಿ. ಅಪ್ಪನ ರೂಮಲ್ಲಿ ಒಂದೂವರೆ ಟನ್ನಿನ ಹಳೇ ಫಿಕ್ಸೆಡ್ ಸ್ಪೀಡ್ ಎಸಿ, ನಮ್ಮ ರೂಮಲ್ಲಿ ಅಷ್ಟೇ ಟನ್ನಿನ ಇನ್ವರ್ಟರ್ ಎಸಿ. ಎರಡನ್ನೂ 25 ಡಿಗ್ರಿಗೆ ಇಟ್ಟು, ಪ್ಲಗ್‌ಗೆ ಸಿಕ್ಕಿಸುವ ಚಿಕ್ಕ ಮೀಟರ್ ಹಾಕಿ ಏಪ್ರಿಲ್‌ನಲ್ಲಿ ನೋಡಿದೆ.

ಅಪ್ಪನ ಎಸಿಯ ಕಂಪ್ರೆಸರ್‌ಗೆ ಗೊತ್ತಿರೋದು ಎರಡೇ: ಪೂರ್ತಿ ಓಡೋದು, ಇಲ್ಲಾ ಪೂರ್ತಿ ನಿಲ್ಲೋದು. ಓಡುವಾಗ ಮೀಟರ್‌ನಲ್ಲಿ 1600 ವ್ಯಾಟ್ ಆಸುಪಾಸು. ರೂಮು ತಣ್ಣಗಾದ ಕೂಡಲೇ 'ಟಕ್' ಅಂತ ಆಫ್, ಆಮೇಲೆ ಬರೀ ಫ್ಯಾನಿನ 40 ವ್ಯಾಟ್. ಒಂದೆರಡು ಡಿಗ್ರಿ ಏರಿದ ಮೇಲೆ ಮತ್ತೆ ಸ್ಟಾರ್ಟ್. ಸ್ಟಾರ್ಟ್ ಆಗುವ ಆ ಕ್ಷಣ ಮೋಟಾರು ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ, ಹಾಗಾಗಿ ಲೈಟು ಒಮ್ಮೆ ಮಂಕಾಗುತ್ತದೆ. ಅಪ್ಪನ ತಕರಾರು ಬೇರೆ. ಓಡುವಾಗ ಚಳಿ ಅಂತ ಹೊದ್ದುಕೊಳ್ಳಬೇಕು, ನಿಂತಾಗ ಸೆಖೆ ಅಂತ ಒದೆಯಬೇಕು. ನಿಂತಾಗ ಕಾಯಿಲ್ ಮೇಲಿನ ನೀರು ಫ್ಯಾನಿನ ಗಾಳಿಗೆ ಆವಿಯಾಗಿ ರೂಮಿಗೇ ವಾಪಸ್ ಬರುತ್ತದಲ್ವಾ, ಸೆಖೆಗೆ ಅದೂ ಒಂದು ಕಾರಣ.

ಇನ್ವರ್ಟರ್‌ನಲ್ಲಿ ಕಂಪ್ರೆಸರ್ ಮೋಟಾರಿಗೆ ಹೋಗುವ ಕರೆಂಟಿನ ಫ್ರೀಕ್ವೆನ್ಸಿಯನ್ನೇ ಒಂದು ಬೋರ್ಡ್ ಏರಿಸಿ ಇಳಿಸುತ್ತದೆ. ಮೆಲ್ಲಗೆ ಶುರುವಾಗಿ, ಮೊದಲ ಅರ್ಧ ಗಂಟೆ 1400 ವ್ಯಾಟ್‌ವರೆಗೂ ಎಳೆಯಿತು. ರೂಮು 25ರ ಹತ್ತಿರ ಬಂದ ಹಾಗೆ 900, 600, ಕೊನೆಗೆ 400 ವ್ಯಾಟ್‌ನಲ್ಲಿ ನಿಂತಿತು. ಗತಿ ತಗ್ಗಿದಾಗ ಹೊರಗಿನ ಯೂನಿಟ್‌ನ ಅಷ್ಟು ದೊಡ್ಡ ಕಾಯಿಲ್‌ಗೆ ಹೊರಹಾಕಲು ಇರುವ ಬಿಸಿ ಕಮ್ಮಿ, ಆದ್ದರಿಂದ ಅದೇ ತಂಪಿಗೆ ಕಮ್ಮಿ ಕರೆಂಟ್ ಸಾಕು. ಉಳಿತಾಯ ಬರೋದು ಮುಖ್ಯವಾಗಿ ಇಲ್ಲಿಂದ.

ಆದರೆ ನಮ್ಮೂರಲ್ಲಿ ನಡುರಾತ್ರಿ ಕಳೆದರೆ ಹೊರಗೇ ತಂಪು. ಇನ್ವರ್ಟರ್‌ಗೂ ಅದಕ್ಕಿಂತ ಕೆಳಗೆ ಇಳಿಯಲಾಗದ ಒಂದು ಕನಿಷ್ಠ ಗತಿ ಇರುತ್ತದೆ. ಮೂರು ಗಂಟೆ ಹೊತ್ತಿಗೆ ಅದೂ ಹಳೇದರ ಹಾಗೆ ಆಫ್ ಆಗಿ ಆನ್ ಆಗುತ್ತಿತ್ತು. ಮಧ್ಯಾಹ್ನ ಊಟ ಮುಗಿಸಿ ಅರ್ಧ ಗಂಟೆ ಹಾಕಿದರೂ ವ್ಯತ್ಯಾಸ ಇಲ್ಲ, ಎರಡೂ ಜೋರಾಗೇ ಓಡುತ್ತವೆ.

ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಫಿಕ್ಸೆಡ್ ಸುಮಾರು 5 ಯೂನಿಟ್ ತಿಂದಿತು, ಇನ್ವರ್ಟರ್ ಸುಮಾರು 3.3. ತಿಂಗಳಿಗೆ 150 ಮತ್ತು 100. ಸರ್‌ಚಾರ್ಜ್ ಸೇರಿ ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೆ ಉಳಿಯೋದು 300. ಇಷ್ಟೇನಾ ಅನ್ನಿಸುತ್ತದೆ. ಗೃಹಜ್ಯೋತಿ ಇರುವ ಮನೆಯಲ್ಲಿ ಮಾತ್ರ ಲೆಕ್ಕ ಬೇರೆ.

ಒಂದೇ ಎಸಿ ಇರುವ, ತಿಂಗಳಿಗೆ 90 ಯೂನಿಟ್ ಸರಾಸರಿಯ ಮನೆ ಅಂದುಕೊಳ್ಳಿ. ಶೇ. 10 ಸೇರಿಸಿ 99 ಯೂನಿಟ್‌ವರೆಗೆ ಉಚಿತ. ಇನ್ವರ್ಟರ್ ಹಾಕಿದರೆ ಒಟ್ಟು 190. ಹೆಚ್ಚಾದ 91ಕ್ಕೆ ಮಾತ್ರ ದುಡ್ಡು, 550 ರೂಪಾಯಿ ಹತ್ತಿರ. ಫಿಕ್ಸೆಡ್ ಹಾಕಿದರೆ 240. 200 ದಾಟಿದ್ದರಿಂದ ಪೂರ್ತಿ 240ಕ್ಕೂ ಕಟ್ಟಬೇಕು, 1440 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ. 50 ಯೂನಿಟ್ ವ್ಯತ್ಯಾಸಕ್ಕೆ ಸುಮಾರು 900 ರೂಪಾಯಿ! ಅದೇ, ಎಸಿ ಇಲ್ಲದೆಯೂ 200 ದಾಟುವ ಮನೆಗೆ ಆ 300ರಷ್ಟೇ ಲಾಭ.

ಅಂಗಡಿಯಲ್ಲಿ ಸ್ಟಾರ್ ಲೇಬಲ್ ತೋರಿಸಿ 'ವರ್ಷಕ್ಕೆ ಇಷ್ಟು ಯೂನಿಟ್' ಅಂತಾರೆ. ಅದು ವರ್ಷಕ್ಕೆ 1600 ಗಂಟೆ ಓಡಿಸುವ ಲೆಕ್ಕ. ನಮ್ಮಲ್ಲಿ ಮಾರ್ಚ್‌ನಿಂದ ಮೇ ನಡುವಿನವರೆಗೆ ದಿನಾ ರಾತ್ರಿ ಹಾಕಿದರೂ ಅದರ ಮೂರನೇ ಒಂದು ಭಾಗ ಆದರೆ ಹೆಚ್ಚು. ಲೇಬಲ್ ತೋರಿಸುವ ಉಳಿತಾಯವನ್ನೂ ಅಷ್ಟಕ್ಕೇ ಇಳಿಸಿ ನೋಡಿ.

ಕೆಟ್ಟಾಗಿನ ಖರ್ಚನ್ನೂ ಸೇರಿಸಿಕೊಳ್ಳಬೇಕು. ಹಳೇದರಲ್ಲಿ ಹೊರಗಿನ ಯೂನಿಟ್ 'ಗುಂಯ್' ಅಂದು, ಸ್ಟಾರ್ಟ್ ಆಗದೆ ಸುಮ್ಮನಾದರೆ ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ. ತಲೆ ಉಬ್ಬಿರೋದು ಕಣ್ಣಿಗೇ ಕಾಣುತ್ತದೆ, ಕೆಲವು ನೂರರಲ್ಲಿ ಮುಗಿಯುತ್ತದೆ. ಇನ್ವರ್ಟರ್‌ನಲ್ಲಿ ಡಿಸ್‌ಪ್ಲೇ ಮೇಲೆ ಎರರ್ ಕೋಡ್ ಬಂದು ಹೊರಗಿನ ಬೋರ್ಡ್ ಹೋಗಿದೆ ಅಂದರೆ ಸಾವಿರಗಳ ಮಾತು. ಒಳಗೆ ಹಲ್ಲಿ ಸೇರಿಕೊಂಡು ಶಾರ್ಟ್ ಆದರೂ ಸಾಕು. ಎರಡು ಬೇಸಿಗೆಯ ಉಳಿತಾಯ ಅಲ್ಲಿಗೇ ಹೋಯಿತು. ನಾನಾದರೆ ಬೋರ್ಡಿಗೂ ಐದು ವರ್ಷ ವಾರಂಟಿ ಕೊಡುವ ಇನ್ವರ್ಟರ್ ಸಿಕ್ಕರೆ ಅದನ್ನೇ ತಗೊಳ್ಳುತ್ತೇನೆ. ಕಂಪ್ರೆಸರ್‌ಗೆ ಹತ್ತು ವರ್ಷ ಅಂತ ದೊಡ್ಡದಾಗಿ ಬರೆದು ಬೋರ್ಡಿಗೆ ಒಂದೇ ವರ್ಷ ಕೊಟ್ಟಿದ್ದರೆ ಬೇಡ. ಅಪ್ಪನ ಎಸಿ ಅಂತೂ ಕೆಡುವವರೆಗೆ ಓಡಲಿ.