ಆರ್‌ಡಿ ಮುಗಿದಾಗ ಬರುವ ಹಣವನ್ನು ನಾನು ಲೆಕ್ಕ ಹಾಕಿದ ಹಾಗೆ ಹಾಕಬೇಡಿ

ಮೂರು ವರ್ಷ ಒಂದು ತಿಂಗಳೂ ತಪ್ಪಿಸದೆ ಆರ್‌ಡಿ ಕಟ್ಟಿದೆ. ತಿಂಗಳಿಗೆ 5,000 ರೂಪಾಯಿ, ಬಡ್ಡಿ 7 ಪರ್ಸೆಂಟ್, 36 ಕಂತು. ಖಾತೆ ತೆರೆದ ದಿನವೇ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದೆ: ಕಟ್ಟುವುದು 1,80,000. ಅದಕ್ಕೆ ವರ್ಷಕ್ಕೆ 7 ಪರ್ಸೆಂಟ್ ಅಂದರೆ 12,600. ಮೂರು ವರ್ಷಕ್ಕೆ 37,800. ಒಟ್ಟು 2,17,800. ಈ ಮೊತ್ತವನ್ನೇ ನಂಬಿ ಮಗಳ ಕೋರ್ಸಿನ ಫೀಸು ಕಟ್ಟುತ್ತೇನೆ ಅಂತ ಮಾತು ಕೊಟ್ಟಿದ್ದೆ.

ಅವಧಿ ಮುಗಿದ ದಿನ ಕೈಗೆ ಬಂದದ್ದು 2,00,686. ಹದಿನೇಳು ಸಾವಿರಕ್ಕೂ ಜಾಸ್ತಿ ಕಡಿಮೆ! ಬಡ್ಡಿ ಇಳಿಸಿಬಿಟ್ಟಿದ್ದಾರೆ ಅಂತಲೇ ಕೌಂಟರಿನಲ್ಲಿ ವಾದ ಮಾಡಿದೆ. ಅಲ್ಲಿದ್ದವರು ಒಂದು ಹಾಳೆ ತೆಗೆದುಕೊಂಡು, "ನಿಮ್ಮ ಕೊನೆ ಕಂತು ನಮ್ಮ ಹತ್ತಿರ ಎಷ್ಟು ದಿನ ಇತ್ತು ಹೇಳಿ" ಅಂದರು. ಒಂದು ತಿಂಗಳು, ಅಷ್ಟೇ. ಅದಕ್ಕೆ ಮೂರು ವರ್ಷದ ಬಡ್ಡಿ ಎಲ್ಲಿಂದ ಬರುತ್ತದೆ?

ತಪ್ಪು ಆಗಿದ್ದು ಅಲ್ಲೇ. 1,80,000 ರೂಪಾಯಿಯನ್ನು ಮೊದಲ ದಿನವೇ ಇಡಿಗಂಟಾಗಿ ಇಟ್ಟ ಹಾಗೆ ಲೆಕ್ಕ ಹಾಕಿದ್ದೆ. ಆದರೆ ಪೂರ್ತಿ 36 ತಿಂಗಳು ದುಡಿಯುವುದು ಮೊದಲ ಕಂತು ಒಂದೇ. ಎರಡನೆಯದು 35 ತಿಂಗಳು, ಮೂರನೆಯದು 34, ಹೀಗೇ ಇಳಿದು ಕೊನೆಯದು 1 ತಿಂಗಳು. ಒಂದರಿಂದ 36ರವರೆಗೆ ಎಲ್ಲ ಕೂಡಿಸಿದರೆ 666. ಸರಾಸರಿ ತೆಗೆದರೆ ಒಂದೊಂದು ಕಂತಿಗೂ ಸಿಗುವುದು ಹದಿನೆಂಟೂವರೆ ತಿಂಗಳು. ಮೂರು ವರ್ಷದ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ.

ಅಂದಾಜು ಸಾಕು ಅನ್ನುವವರು ಈ 666 ಹಿಡಿದುಕೊಳ್ಳಿ. 5,000ವನ್ನು 666ರಿಂದ ಗುಣಿಸಿ, 7ರಿಂದ ಗುಣಿಸಿ, 1,200ರಿಂದ ಭಾಗಿಸಿ. 19,425 ಬರುತ್ತದೆ. ಇದು ಸರಳ ಬಡ್ಡಿ. ನಿಜವಾದ ಬಡ್ಡಿ ಇದಕ್ಕಿಂತ ಸ್ವಲ್ಪ ಮೇಲಿರುತ್ತದೆ, ಯಾಕೆಂದರೆ ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ.

ಅದು ಹೇಗೆ ಸೇರುತ್ತದೆ ಅನ್ನುವುದನ್ನು ಅವರು ಅದೇ ಹಾಳೆಯಲ್ಲಿ ತೋರಿಸಿದರು. ಮೊದಲ ಮೂರು ಕಂತು ನೋಡಿ. ಒಂದಕ್ಕೆ 3 ತಿಂಗಳು, ಇನ್ನೊಂದಕ್ಕೆ 2, ಮತ್ತೊಂದಕ್ಕೆ 1. ಒಟ್ಟು 6 ತಿಂಗಳ ಬಡ್ಡಿ, ಅಂದರೆ 175 ರೂಪಾಯಿ. ಮೂರು ತಿಂಗಳ ಕೊನೆಗೆ ಖಾತೆಯಲ್ಲಿ 15,175. ಮುಂದಿನ ಮೂರು ತಿಂಗಳು ಈ ಪೂರ್ತಿ ಮೊತ್ತಕ್ಕೆ 1.75 ಪರ್ಸೆಂಟ್ ಬಡ್ಡಿ, ಸುಮಾರು 266 ರೂಪಾಯಿ. ಜೊತೆಗೆ ಹೊಸ ಮೂರು ಕಂತಿನ ಇನ್ನೊಂದು 15,175. ಹೀಗೆ ಹನ್ನೆರಡು ಸಲ ಮಾಡಿದರೆ 2,00,691 ಬರುತ್ತದೆ. ನನಗೆ ಬಂದದ್ದಕ್ಕೂ ಇದಕ್ಕೂ ಐದು ರೂಪಾಯಿ ವ್ಯತ್ಯಾಸ. ಮೂರು ತಿಂಗಳ ಒಳಗಿನ ಬಡ್ಡಿಯನ್ನು ಸರಳವಾಗಿ ಹಿಡಿದರೋ ಚಕ್ರಬಡ್ಡಿಯಾಗಿ ಹಿಡಿದರೋ ಅನ್ನುವುದರಿಂದ ಬರುವ ವ್ಯತ್ಯಾಸ ಅದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ಬಳಸುವವರು ಇದನ್ನು ಹಾಕಿ ನೋಡಿ:

```
=FV(1.0175^(1/3)-1, 36, -5000, 0, 1)
```

1.0175 ಅಂದರೆ ಮೂರು ತಿಂಗಳ ಬೆಳವಣಿಗೆ (7ರ ಕಾಲು ಭಾಗ 1.75). ಅದರ ಘನಮೂಲ ತೆಗೆದರೆ ತಿಂಗಳ ಲೆಕ್ಕ ಸಿಗುತ್ತದೆ. ಉತ್ತರ 2,00,686, ಸರಿಯಾಗಿ ನನ್ನ ಕೈಗೆ ಬಂದಷ್ಟೇ. ಇಲ್ಲಿ ಕೊನೆಯ 1 ಬಿಟ್ಟುಬಿಡಬೇಡಿ. ಅದು ಕಂತು ತಿಂಗಳ ಮೊದಲಲ್ಲೇ ಬೀಳುತ್ತದೆ ಅನ್ನುವುದಕ್ಕೆ. ಬಿಟ್ಟರೆ ಒಂದೊಂದು ಕಂತಿಗೂ ಒಂದು ತಿಂಗಳ ಬಡ್ಡಿ ಹೋಗಿ 1,99,529 ತೋರಿಸುತ್ತದೆ. ಆಗ ಬರಬೇಕಾದದ್ದಕ್ಕಿಂತ ಸಾವಿರಕ್ಕೂ ಜಾಸ್ತಿ ಕಡಿಮೆ ನಿರೀಕ್ಷೆ ಇಟ್ಟುಕೊಂಡಿರುತ್ತೀರಿ.

ಈ ಲೆಕ್ಕವೆಲ್ಲ ಪ್ರತಿ ಕಂತೂ ಹೊತ್ತಿಗೆ ಸರಿಯಾಗಿ ಬಿದ್ದರೆ ಮಾತ್ರ. ತಡವಾದರೆ ದಂಡ ಹಾಕಬಹುದು. ಬಡ್ಡಿಯ ಮೇಲೆ ತೆರಿಗೆ ಮುರಿದುಕೊಂಡರೆ ಕೈಗೆ ಬರುವುದು ಇನ್ನೂ ಕಡಿಮೆ.

ನನಗೆ ಈಗಲೂ ಹೊಟ್ಟೆ ಉರಿಯುವುದು ಒಂದು ವಿಷಯಕ್ಕೆ. ಲೆಕ್ಕವನ್ನು ಹಿಂದಿನಿಂದ ಹಾಕಿದ್ದರೆ ತೊಂದರೆಯೇ ಇರಲಿಲ್ಲ. ಇದೇ ಬಡ್ಡಿ, ಇದೇ ಅವಧಿಗೆ ತಿಂಗಳಿಗೆ ಕಟ್ಟುವ ಒಂದು ರೂಪಾಯಿ ಕೊನೆಗೆ ಸುಮಾರು 40 ರೂಪಾಯಿ 14 ಪೈಸೆ ಆಗುತ್ತದೆ. ಬೇಕಾದ 2,17,800ನ್ನು ಅದರಿಂದ ಭಾಗಿಸಿದರೆ ಕಂತು ಸಿಗುತ್ತದೆ. 5,000ದ ಬದಲು 5,430 ಕಟ್ಟಿದ್ದರೆ ಸಾಕಿತ್ತು. ತಿಂಗಳಿಗೆ 430 ರೂಪಾಯಿ ಹೊಂದಿಸುವುದು ನನಗೆ ಕಷ್ಟವಿರಲಿಲ್ಲ. ಫೀಸಿಗೆ ವಾರದಲ್ಲಿ ಹದಿನೇಳು ಸಾವಿರ ಹೊಂದಿಸಲು ಮಾತ್ರ ಕೈಸಾಲ ಮಾಡಬೇಕಾಯಿತು.