ಕೆನ್ನೆಯ ಬಂಗು: ಒಂದೇ ಮುಖ, ನಾಲ್ಕು ಬಗೆಯ ಫೋಟೊ

ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಶಿವಮೊಗ್ಗದ ಚರ್ಮದ ಡಾಕ್ಟರಿಗೆ ಕೆನ್ನೆಯ ಬಂಗು ತೋರಿಸಬೇಕು. ಕಲೆಯನ್ನು ಫೋನೇ ಒರೆಸಿ ಕಳಿಸಿದರೆ ಅವರು ನೋಡುವುದೇನನ್ನು? ಮಳೆಗಾಲದ ಮಧ್ಯಾಹ್ನ ಮೂರರ ಹೊತ್ತಿಗೆ, ಅಡಿಕೆ ತೋಟಕ್ಕೆ ಮುಖ ಮಾಡಿದ ಜಗಲಿಯಲ್ಲಿ, ಒಂದೇ ಮುಖವನ್ನು ನಾಲ್ಕು ಬಗೆಯಲ್ಲಿ ತೆಗೆದು ಹೋಲಿಸಿದ್ದೇವೆ. ಗಲ್ಲದ ಕೆಳಗೆ ಬಿಳಿ ಕಾಗದ, ಕೆನ್ನೆಯ ಪಕ್ಕ ಕೈಯ ಮೇಲ್ಭಾಗ ಇಟ್ಟಿದ್ದೆವು.

ಮೊದಲನೆಯದು, ಬ್ಯೂಟಿ ಫಿಲ್ಟರ್ ಆನ್ ಇದ್ದ ಸೆಲ್ಫಿ. ಕೆಲಸಕ್ಕೆ ಬಾರದು. ಫಿಲ್ಟರ್ ಕಣ್ಣು, ಮೂಗು, ಬಾಯಿ ಗುರುತಿಸಿ ಮುಖದ ಚರ್ಮವನ್ನಷ್ಟೇ ನುಣುಪು ಮಾಡಿ ಬೆಳ್ಳಗಾಗಿಸುತ್ತದೆ. ಹುಬ್ಬಿನಂಥ ಗಟ್ಟಿ ಅಂಚುಗಳನ್ನು ಬಿಟ್ಟುಬಿಡುತ್ತದೆ. ಬಂಗಿನ ಅಂಚು ಮೆತ್ತಗಿರುವುದರಿಂದ ಮೊದಲು ಅಳಿಸಿಹೋಗುವುದು ಅದೇ. ಪತ್ತೆಹಚ್ಚುವುದು ಸುಲಭ: ಕೈಯ ಗೆರೆಗಳು ಇದ್ದ ಹಾಗೇ ಇವೆ, ಕೆನ್ನೆ ಮಾತ್ರ ಮೇಣ ಸವರಿದಂತಿದೆ.

ಎರಡನೆಯದು, ಬ್ಯೂಟಿ ಸೊನ್ನೆಗೆ ಇಳಿಸಿದ ಸೆಲ್ಫಿ. ಕಲೆ ಮರಳಿತು, ರೋಮರಂಧ್ರ ಮರಳಲಿಲ್ಲ. ಇದು ಫಿಲ್ಟರ್ ಕೆಲಸವಲ್ಲ. ಜಗಲಿಯ ಮಬ್ಬಿನಲ್ಲಿ ಮುಂದಿನ ಕ್ಯಾಮೆರಾದ ಪುಟ್ಟ ಸೆನ್ಸರ್ ಚಿತ್ರವನ್ನು ಕಾಳುಕಾಳಾಗಿಸುತ್ತದೆ, ಆ ಕಾಳು ಒರೆಸುವಾಗ ಚರ್ಮದ ತರಿಯೂ ಹೋಗುತ್ತದೆ. ಇದನ್ನು ನಿಲ್ಲಿಸಲು ಹೆಚ್ಚಿನ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಗುಂಡಿಯೇ ಇಲ್ಲ.

ಮೂರನೆಯದು, ಎರಡಡಿ ದೂರದಿಂದ ಹಿಂದಿನ ಕ್ಯಾಮೆರಾ. ಕೆನ್ನೆಯ ತುಪ್ಪಳಗೂದಲೂ ಕಂಡಿತು. ಆದರೆ ಬಣ್ಣ ಕೆಟ್ಟಿತು, ಬಿಳಿ ಕಾಗದಕ್ಕೆ ಹಸಿರು ಛಾಯೆ. ತೋಟದ ಎಲೆಗಳಿಂದ ಬರುವ ಬೆಳಕೇ ಹಸಿರು. ಇದೇ ತೋಟ ಚೌಕಟ್ಟಿನ ತುಂಬ ಬಂದರೆ ಫೋನು ಹಸಿರನ್ನು ತಗ್ಗಿಸಲು ಹೋಗಿ ಮುಖ ಕೆಂಪಾಗಿಸುವುದೂ ಉಂಟು.

ಹಾಗಾದರೆ ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್? ನಾಲ್ಕನೆಯದಾಗಿ ಅದನ್ನೂ ನೋಡಿದೆವು, ಬೆಳಕಿನ ಛಾಯೆ ಸರಿದೂಗಿಸುವ ವೈಟ್ ಬ್ಯಾಲೆನ್ಸ್ 6500 ಕೆಲ್ವಿನ್‌ಗೆ ಇಟ್ಟು. ಹಸಿರು ಹೋಗಲಿಲ್ಲ. ಕೆಲ್ವಿನ್ ಪಟ್ಟಿ ಸರಿಸಿದರೆ ನೀಲಿ–ಹಳದಿ ಬದಲಾಗುತ್ತದೆಯೇ ಹೊರತು ಹಸಿರು ಕಡಿಮೆ ಮಾಡುವ ಪಟ್ಟಿ ಹೆಚ್ಚಿನ ಫೋನುಗಳಲ್ಲಿಲ್ಲ. ಸೆನ್ಸರ್ ಕಂಡದ್ದನ್ನು ಹೆಚ್ಚು ತಿದ್ದದೆ ಉಳಿಸುವ ರಾ ಫೈಲ್‌ನಲ್ಲಿ ಆಮೇಲೆ ಸರಿಪಡಿಸಬಹುದು, ಸರಿ. ಅದನ್ನು ತೆರೆದು ಕೂರಲು ಯಾವ ಡಾಕ್ಟರಿಗೆ ಪುರುಸೊತ್ತು?

ನಮ್ಮ ಆಯ್ಕೆ ಮೂರನೆಯದೇ, ಜಾಗ ಮಾತ್ರ ಬೇರೆ. ಮಳೆ ಬಿಟ್ಟಾಗ ಅಂಗಳದ ನಡುವೆ, ಮೋಡದ ಬೆಳಕಿನಲ್ಲಿ, ಸುಣ್ಣ ಬಳಿದ ಗೋಡೆಗೆ ಬೆನ್ನು ಕೊಟ್ಟು ಕೂರಿಸಿ. ಫ್ಲ್ಯಾಶ್ ಬೇಡ. ಎರಡು ಫೋಟೊ ಸಾಕು: ಕಾಗದ ಸಮೇತ ಇಡೀ ಮುಖ, ಆಮೇಲೆ ಕೆನ್ನೆಯದಷ್ಟೇ. ಕಣ್ಣು, ಮೂಗು ಚೌಕಟ್ಟಿನಲ್ಲಿ ಇಲ್ಲದಿದ್ದರೆ ಬ್ಯೂಟಿ ಮರೆತು ಆನ್ ಉಳಿದಿದ್ದರೂ ಸಾಮಾನ್ಯವಾಗಿ ಅದಕ್ಕೆ ಮುಖವೇ ಸಿಗುವುದಿಲ್ಲ. ಕಳಿಸುವಾಗ ಗ್ಯಾಲರಿಯಿಂದಲ್ಲ, ವಾಟ್ಸಾಪಿನ ಡಾಕ್ಯುಮೆಂಟ್ ಆಯ್ಕೆಯಿಂದ ಕಳಿಸಿ. ಫೋಟೊ ಆಗಿ ಹೋದರೆ ವಾಟ್ಸಾಪ್ ಅದನ್ನು ಕುಗ್ಗಿಸಿ, ಉಳಿದಿದ್ದ ತರಿಯನ್ನೂ ಒರೆಸುತ್ತದೆ.